ಒಂದೇ ಪ್ಲಾನ್, ಇಬ್ಬರು ಬಿಲ್ಡರ್: ಫೋಟೋದಲ್ಲಿ ಅಳತೆ ಹಿಡಿದದ್ದು

ಅಕ್ಕನ ಮನೆ ಮತ್ತು ಭಾವನ ತಮ್ಮನ ಮನೆ ಪಕ್ಕಪಕ್ಕದಲ್ಲೇ ಏಳುತ್ತಿದ್ದವು. ಪ್ಲಾನ್ ಒಂದೇ. ಬಿಲ್ಡರ್ ಮಾತ್ರ ಬೇರೆ ಬೇರೆ. ಪ್ಲಾನ್ ಬರೆಯುವುದು ನನ್ನ ಕೆಲಸ, ಇದನ್ನೂ ನಾನೇ ಬರೆದುಕೊಟ್ಟಿದ್ದೆ. ಹಾಗಾಗಿ ಇಬ್ಬರೂ ಬಿಲ್ಡರ್‌ಗಳು ಕಳಿಸಿದ ಫೋಟೋ ನನ್ನ ಫೋನಿಗೂ ಬರುತ್ತಿದ್ದವು. ನಾನಿರುವುದು ದೂರದಲ್ಲಿ. ಬೇಕೆಂದಾಗ ಸೈಟಿಗೆ ಹೋಗಿ ಟೇಪ್ ಹಿಡಿಯುವ ಹಾಗಿರಲಿಲ್ಲ.

ಎಡಗಡೆ ಮನೆ ಅಕ್ಕನದು. ಅದರ ಬಿಲ್ಡರ್ ಫೋಟೋ ತೆಗೆಯುವುದರಲ್ಲಿ ಗಟ್ಟಿಗರು. ಎದುರಿಗೆ ನೇರವಾಗಿ ನಿಂತು, ಅಂಗಳ ಗುಡಿಸಿ, ಒಳ್ಳೆ ಬೆಳಕಿನಲ್ಲಿ ತೆಗೆದ ಚಿತ್ರಗಳು. ಬಲಗಡೆ ಮನೆಯ ಫೋಟೋಗಳನ್ನು ಅಲ್ಲಿನ ಮೇಸ್ತ್ರಿ ಕಳಿಸುತ್ತಿದ್ದರು. ಒಂದು ಕೈಯಲ್ಲಿ ಕರಣೆ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ತೆಗೆದಂತೆ ಎಲ್ಲವೂ ಸೊಟ್ಟ.

"ನಮ್ಮದೇ ನೇರವಾಗಿದೆ ಅಲ್ವಾ? ಅವರದ್ದು ನೋಡೋ, ಕಾಲಂ ವಾಲಿದ ಹಾಗಿದೆ," ಅಂತ ಅಕ್ಕ ಫೋನ್ ಮಾಡಿದಳು.

ಆ ಫೋಟೋದಲ್ಲಿ ಕಾಲಂ ವಾಲಿದಂತೆ ಕಾಣುತ್ತಿದ್ದದ್ದು ನಿಜ. ಆದರೆ ವಾಲಿದ್ದು ಕಾಲಮ್ಮೋ ಫೋನೋ ಎಂಬುದನ್ನು ಮೊದಲು ಬೇರ್ಪಡಿಸಬೇಕಿತ್ತು. ಇದಕ್ಕೆ ಸುಲಭದ ಗುರುತುಗಳಿವೆ. ಫೋನನ್ನು ಮೇಲಕ್ಕೆ ಬಾಗಿಸಿ ತೆಗೆದರೆ ಎಡಗಡೆಯ ಕಾಲಂ ಬಲಕ್ಕೆ, ಬಲಗಡೆಯದು ಎಡಕ್ಕೆ ವಾಲಿದಂತೆ ಕಾಣುತ್ತದೆ. ಎರಡೂ ಮೇಲೆ ಹೋಗುತ್ತಾ ಹತ್ತಿರ ಬರುತ್ತವೆ. ಫೋನನ್ನು ಪಕ್ಕಕ್ಕೆ ಓರೆ ಹಿಡಿದಿದ್ದರೆ ಎಲ್ಲ ಕಾಲಮ್ಮುಗಳೂ ಒಂದೇ ದಿಕ್ಕಿಗೆ ವಾಲುತ್ತವೆ, ಬೀಮಿನ ಅಂಚೂ ಅಷ್ಟೇ ಓರೆಯಾಗುತ್ತದೆ. ಉಳಿದವುಗಳ ಜೊತೆ ಹೊಂದದೆ ಒಂದೇ ಒಂದು ಕಾಲಂ ಬೇರೆ ದಾರಿ ಹಿಡಿದಿದ್ದರೆ ಮಾತ್ರ ಕಾಲಂ ಮೇಲೆ ಅನುಮಾನ ಪಡಬೇಕು. ಮೇಸ್ತ್ರಿಯ ಫೋಟೋದಲ್ಲಿ ಮೊದಲ ಎರಡು ಗುಣವೂ ಇದ್ದವು, ಮೂರನೆಯದು ಇರಲಿಲ್ಲ. ಅಂದರೆ ಫೋನ್ ಬಾಗಿಯೂ ಇತ್ತು, ಓರೆಯೂ ಇತ್ತು. ಕಾಲಂ ಬಗ್ಗೆ ಆ ಫೋಟೋ ಏನನ್ನೂ ಹೇಳುತ್ತಿರಲಿಲ್ಲ.

ಎಡಗಡೆ ಮನೆಯ ಚಂದದ ಫೋಟೋದಲ್ಲೂ ಒಂದು ತೊಡಕಿತ್ತು. ಇಡೀ ಮುಂಭಾಗ ಹಿಡಿಸಲೆಂದು 0.5x ಲೆನ್ಸ್ ಬಳಸಿದ್ದರು. ಅಗಲದ ಲೆನ್ಸಿನಲ್ಲಿ ಚಿತ್ರದ ಅಂಚಿಗೆ ಹತ್ತಿರವಿರುವ ನೇರ ಗೆರೆಗಳು ಸ್ವಲ್ಪ ಬಿಲ್ಲಿನಂತೆ ಬಾಗುತ್ತವೆ. ಫೋನು ತಾನೇ ಅದನ್ನು ತಿದ್ದುತ್ತದೆ, ಆದರೆ ಪೂರ್ತಿ ಅಲ್ಲ. ಚಿತ್ರದ ಮಧ್ಯದಲ್ಲಿ ಹಾದುಹೋಗುವ ಗೆರೆ ಮಾತ್ರ ನೇರವಾಗೇ ಉಳಿಯುತ್ತದೆ. ಹಾಗಾಗಿ ಕಿಟಕಿಯ ಮೇಲಿನ ಅಡ್ಡಪಟ್ಟಿ, ಅಂದರೆ ಲಿಂಟಲ್, ಬಾಗಿದೆಯಾ ಅನ್ನುವ ಸಂಶಯ ಬಂದರೆ, ಅದೇ ಲಿಂಟಲ್ ಚಿತ್ರದ ನಡುವೆ ಬರುವಂತೆ ಇನ್ನೊಂದು ಫೋಟೋ ತೆಗೆಸಬೇಕು. ಬಾಗು ಮಾಯವಾದರೆ ಅದು ಲೆನ್ಸಿನದು.

ಸರಿ, ಬಂದ ಫೋಟೋಗಳನ್ನು ಅಕ್ಕಪಕ್ಕ ಇಟ್ಟು ನೋಡುವುದರಿಂದ ಪ್ರಯೋಜನವಿಲ್ಲ ಅಂತ ಇಬ್ಬರಿಗೂ ಹೊಸದಾಗಿ ತೆಗೆಯಲು ಹೇಳಿದೆ. ಗೋಡೆಯಿಂದ ಆದಷ್ಟು ಹಿಂದೆ, ಕನಿಷ್ಠ 6 ಮೀಟರ್ ದೂರ ನಿಲ್ಲಿ. 1x ಲೆನ್ಸ್ ಇರಲಿ. ಎರಡು ಕಾಲಮ್ಮಿನ ನಡುವಿನ ಒಂದು ಅಂಕಣ ಚಿತ್ರದ ಮಧ್ಯಕ್ಕೆ ಬರಲಿ. ಕಾಲಮ್ಮಿನ ನಾಲ್ಕು ಒಳಮೂಲೆಗಳು ಕಾಣಲಿ, ಸಾರುವೆ ಮರ ಅಡ್ಡ ಬಂದರೆ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿಯಿರಿ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಅದು ಚಿತ್ರವನ್ನು ಕುಗ್ಗಿಸಿಬಿಡುತ್ತದೆ. ಇಷ್ಟೇ ಹೇಳಿದ್ದು. ಮೇಸ್ತ್ರಿಗೆ ಹೇಳಿದ್ದಕ್ಕಿಂತ ಎಡಗಡೆ ಬಿಲ್ಡರ್‌ಗೆ 0.5x ಬಿಡಿಸುವುದೇ ಕಷ್ಟವಾಯಿತು. "ಸಾರ್, ಮನೆ ಪೂರ್ತಿ ಬರಲ್ಲ" ಅಂತ ಅವರ ಗೋಳು.

ನಾನು ನೋಡಬೇಕೆಂದುಕೊಂಡದ್ದು ಮುಂಭಾಗದ ಕಿಟಕಿಗಳನ್ನು. ನೆಲಮಹಡಿಯ ಕಿಟಕಿಯ ನೇರಕ್ಕೇ ಮೊದಲ ಮಹಡಿಯ ಕಿಟಕಿ ಬರಬೇಕು. ಗೋಡೆಯ ಬಣ್ಣ, ಮೇಲಿನ ಸಜ್ಜಾ ಎಲ್ಲಾ ಆದಮೇಲೆ ಈ ಜೋಡಣೆ ತಪ್ಪಿದ್ದರೆ ದಾರಿಯಲ್ಲಿ ಹೋಗುವವರಿಗೂ ಕಾಣುತ್ತದೆ, ಆಗ ಸರಿಮಾಡುವುದು ಕಷ್ಟ. ಬ್ಲಾಕ್ ಕಟ್ಟಿ ಇನ್ನೂ ಗಾರೆ ಮಾಡದ ಹಂತದಲ್ಲೇ ಇದನ್ನು ಹಿಡಿಯಬೇಕು.

ಪ್ಲಾನ್‌ನಲ್ಲಿ ಕಾಲಮ್ಮಿನ ಮಧ್ಯದಿಂದ ಮಧ್ಯಕ್ಕೆ 3600 ಮಿ.ಮೀ. ಕಾಲಂ ಅಗಲ 230. ಅಂದರೆ ಎರಡು ಕಾಲಮ್ಮಿನ ನಡುವೆ ಖಾಲಿ ಜಾಗ 3370. ಅದರ ನಟ್ಟನಡುವೆ 1500 ಅಗಲದ ಕಿಟಕಿ. ಹಾಗಾಗಿ ಕಿಟಕಿಯ ಎರಡೂ ಪಕ್ಕ 935 ಮಿ.ಮೀ. ಗೋಡೆ ಉಳಿಯಬೇಕು. ಎತ್ತರದಲ್ಲಿ, ನೆಲದಿಂದ ಬೀಮಿನ ತಳಕ್ಕೆ 2620. ಕಾಲಮ್ಮಿನ ಹೊರಮುಖ ಮತ್ತು ಗೋಡೆಯ ಹೊರಮುಖ ಒಂದೇ ಸಮ. ಈ ಕೊನೆಯ ವಿಷಯ ತುಂಬಾ ಮುಖ್ಯ, ಏಕೆಂದರೆ ಮುಂದೆ ಮಾಡುವ ಲೆಕ್ಕವೆಲ್ಲ ಒಂದೇ ಸಮದಲ್ಲಿರುವ ಸಂಗತಿಗಳಿಗೆ ಮಾತ್ರ ಅನ್ವಯಿಸುತ್ತದೆ.

ಓರೆಯಾಗಿ ತೆಗೆದ ಫೋಟೋವನ್ನು ಎದುರಿನಿಂದ ತೆಗೆದಂತೆ ಸರಿಪಡಿಸಬಹುದು. ಅದಕ್ಕೆ ಗೋಡೆಯ ಮೇಲೆ ಅಳತೆ ಗೊತ್ತಿರುವ ಒಂದು ಆಯತದ ನಾಲ್ಕು ಮೂಲೆ ಸಾಕು. GIMP ಎಂಬ ಉಚಿತ ತಂತ್ರಾಂಶದಲ್ಲಿ Perspective ಅನ್ನುವ ಸಾಧನವಿದೆ. ಅದರಲ್ಲಿ Corrective (Backward) ಆರಿಸಿ, ನಾಲ್ಕು ಮೂಲೆಗಳನ್ನು ಕಾಲಂ-ಬೀಮಿನ ಒಳಮೂಲೆಗಳ ಮೇಲೆ ಕೂರಿಸಿದೆ. ಆಯತ ನೇರವಾಯಿತು. ಅಷ್ಟನ್ನೇ ಕತ್ತರಿಸಿಕೊಂಡು 1685 × 1310 ಪಿಕ್ಸೆಲ್ಲಿಗೆ ತಂದೆ. 3370 ಮತ್ತು 2620ರ ಅರ್ಧ. ಈಗ ಒಂದು ಪಿಕ್ಸೆಲ್ ಅಂದರೆ ಗೋಡೆಯ ಮೇಲೆ 2 ಮಿ.ಮೀ. ಎರಡು ಮನೆ, ಎರಡೆರಡು ಮಹಡಿ, ನಾಲ್ಕೂ ಚಿತ್ರಗಳು ಒಂದೇ ಅಳತೆಗೆ ಬಂದವು. ಪ್ಲಾನ್‌ನ ಚಿತ್ರವನ್ನೂ ಅದೇ ಅಳತೆಗೆ ತಂದು ಮೇಲಿಟ್ಟೆ.

ಇಲ್ಲೊಂದು ಎಚ್ಚರ ಬೇಕು. ಪರೀಕ್ಷಿಸಬೇಕಾದ ವಸ್ತುವಿನಿಂದಲೇ ಅಳತೆ ತೆಗೆದುಕೊಳ್ಳಬಾರದು. ಕಿಟಕಿಯ ಅಗಲ 1500 ಅಂತ ನಂಬಿ ಅದರಿಂದ ಲೆಕ್ಕ ಹಾಕಿದರೆ, ಕಿಟಕಿ ತಪ್ಪಿದ್ದರೂ ಲೆಕ್ಕ ಸರಿಯಾಗೇ ಕಾಣುತ್ತದೆ. ಕಾಲಮ್ಮಿನಿಂದ ಅಳತೆ ತೆಗೆದದ್ದು ಅದಕ್ಕೇ. ಆದರೆ ಕಾಲಮ್ಮೇ ತಪ್ಪಿದ್ದರೆ? ಅದನ್ನು ಫೋಟೋ ಹೇಳಲಾರದು, ಏಕೆಂದರೆ ನಾಲ್ಕು ಮೂಲೆಯನ್ನು ನಾನೇ ಎಳೆದು ಆಯತ ಮಾಡಿದ್ದೇನೆ. ಅದಕ್ಕೆ ಟೇಪೇ ಬೇಕು. ಅಕ್ಕ-ಭಾವ ಇಬ್ಬರೂ ಸೇರಿ ಎರಡೂ ಮನೆಯಲ್ಲಿ, ಎರಡೂ ಮಹಡಿಯಲ್ಲಿ ಕಾಲಂ ನಡುವಿನ ಅಂತರ ಮತ್ತು ಕರ್ಣಗಳನ್ನು ಅಳೆದರು. ಪ್ಲಾನ್ ಪ್ರಕಾರ ಕರ್ಣ 4269 ಬರಬೇಕು. ಅಕ್ಕನ ಮನೆಯ ನೆಲಮಹಡಿಯಲ್ಲಿ ಒಂದು 4266, ಇನ್ನೊಂದು 4271. ಉಳಿದ ಕಡೆಯೂ ಇಷ್ಟೇ ಹತ್ತಿರ. ಎರಡು ಕರ್ಣ ಹೀಗೆ ಹೆಚ್ಚುಕಡಿಮೆ ಸಮ ಬಂದರೆ ಆ ಚೌಕ ಮೂಲೆಮಟ್ಟಕ್ಕಿದೆ ಅಂತ ನಂಬಿ ಮುಂದೆ ಹೋಗಬಹುದು.

ಅಳೆಯುವಾಗ ಕಿಟಕಿಯ ಹೊರ ಅಂಚನ್ನೇ ಹಿಡಿಯಬೇಕು. ಗೋಡೆ 200 ಮಿ.ಮೀ. ದಪ್ಪ. ಸ್ವಲ್ಪ ಪಕ್ಕದಿಂದ ತೆಗೆದ ಫೋಟೋದಲ್ಲಿ ಕಿಟಕಿಯ ಒಳಗಡೆಯ ಅಂಚೂ ಕಾಣುತ್ತದೆ, ಅದು ಬೇರೆ ಆಳದಲ್ಲಿರುವುದರಿಂದ ಪಕ್ಕಕ್ಕೆ ಜರುಗಿದಂತಿರುತ್ತದೆ. ಕೆಳಗಿನಿಂದ ತೆಗೆದ ಮೊದಲ ಮಹಡಿಯ ಚಿತ್ರದಲ್ಲಂತೂ ಲಿಂಟಲ್ಲಿನ ತಳವೂ ಕಂಡು ಕಣ್ಣಿಗೆ ಮೋಸವಾಗುತ್ತದೆ.

ಬಲಗಡೆ ಮನೆಯ ನೆಲಮಹಡಿಯಲ್ಲಿ ಕಿಟಕಿಯ ಎಡಕ್ಕೆ 468 ಪಿಕ್ಸೆಲ್, ಬಲಕ್ಕೆ 467. ಅಂದರೆ 936 ಮತ್ತು 934 ಮಿ.ಮೀ. ಮೊದಲ ಮಹಡಿಯಲ್ಲಿ 928 ಮತ್ತು 942. ಮೇಲಿನ ಕಿಟಕಿ ಕೆಳಗಿನದಕ್ಕಿಂತ 8 ಮಿ.ಮೀ. ಎಡಕ್ಕಿದೆ. ಬ್ಲಾಕಿನ ಅಂಚು ಫೋಟೋದಲ್ಲಿ ಎರಡು ಮೂರು ಪಿಕ್ಸೆಲ್ ಮಸುಕಾಗಿರುತ್ತದೆ. ಹಾಗಾಗಿ 10 ಮಿ.ಮೀ. ಒಳಗಿನ ವ್ಯತ್ಯಾಸದ ಬಗ್ಗೆ ಈ ರೀತಿಯಲ್ಲಿ ಏನೂ ಹೇಳಬಾರದು ಅಂತ ನಾನೇ ಗೆರೆ ಹಾಕಿಕೊಂಡಿದ್ದೆ. 8 ಅಂದರೆ ನನ್ನ ಮಟ್ಟಿಗೆ ಸರಿ ಇದೆ ಅಂತಲೇ ಲೆಕ್ಕ.

ಎಡಗಡೆ ಮನೆಯ ನೆಲಮಹಡಿ: 932 ಮತ್ತು 938. ಚೆನ್ನಾಗಿದೆ. ಮೊದಲ ಮಹಡಿ: 449 ಪಿಕ್ಸೆಲ್ ಮತ್ತು 486 ಪಿಕ್ಸೆಲ್. ಅಂದರೆ 898 ಮತ್ತು 972. ಕೆಳಗಿನ ಕಿಟಕಿಯಿಂದ 34 ಮಿ.ಮೀ. ಎಡಕ್ಕೆ.

ಚಂದದ ಫೋಟೋ ಬರುತ್ತಿದ್ದ ಮನೆಯಲ್ಲೇ ಕಿಟಕಿ ಜರುಗಿತ್ತು. ಮೂಲೆ ಕೂರಿಸುವಾಗ ನನ್ನ ಕೈಯೇ ತಪ್ಪಿರಬಹುದಲ್ಲ ಅಂತ ಇನ್ನೊಂದು ಫೋಟೋ ಹಿಡಿದು ಮೊದಲಿನಿಂದ ಮಾಡಿದೆ. ಒಂದೆರಡು ಪಿಕ್ಸೆಲ್ ಆಚೀಚೆ, ಅಷ್ಟೇ. 34ನ್ನು ಮಸುಕು ಅಂತ ತಳ್ಳಿಹಾಕಲು ಆಗುವುದಿಲ್ಲ.

ಕಾರಣವೂ ಅದೇ ಫೋಟೋದಲ್ಲಿತ್ತು. ಬ್ಲಾಕ್ ಉದ್ದ 400, ಸಂದು 10. ಎಡಗಡೆಯ 935ರ ಗೋಡೆಗೆ ಎರಡು ಪೂರ್ತಿ ಬ್ಲಾಕ್ ಇಟ್ಟು, ಮೂರು ಸಂದು ಕಳೆದರೆ 105 ಮಿ.ಮೀ. ತುಂಡು ಬೇಕು. ಒಂದು ವರಸೆ ಬಿಟ್ಟು ಒಂದು ವರಸೆಯಲ್ಲಿ ಈ ತುಂಡು ಕಾಣುತ್ತದೆ. ನೆಲಮಹಡಿಯ ಚಿತ್ರದಲ್ಲಿ ಅದು ಸುಮಾರು 51 ಪಿಕ್ಸೆಲ್, ಸರಿಯಾಗಿದೆ. ಮೊದಲ ಮಹಡಿಯಲ್ಲಿ 34 ಪಿಕ್ಸೆಲ್, ಅಂದರೆ 68 ಮಿ.ಮೀ. ಕೆಳಗಿನ ವರಸೆಯಿಂದ ಮೇಲಿನ ವರಸೆಯವರೆಗೆ ಎಲ್ಲ ತುಂಡೂ ಒಂದೇ ಅಳತೆ. ಯಾರೋ ಒಮ್ಮೆ ಕತ್ತರಿಸಿದ ತುಂಡನ್ನೇ ಮಾದರಿಯಾಗಿಟ್ಟುಕೊಂಡು ಉಳಿದವನ್ನೂ ಕತ್ತರಿಸಿದ್ದಾರೆ. ಮೊದಲ ವರಸೆ ಎಲ್ಲಿ ನಿಂತಿತೋ ಅಲ್ಲಿಗೆ ತೂಗುಗುಂಡು ಬಿಟ್ಟು ಮೇಲೆ ಕಟ್ಟಿದ್ದಾರೆ. ಕಿಟಕಿಯ ಅಗಲ ಮಾತ್ರ ಟೇಪ್ ಹಿಡಿದು 1500 ಬಿಟ್ಟಿದ್ದಾರೆ. ಉಳಿದದ್ದೆಲ್ಲ ಬಲಗಡೆಯ ಗೋಡೆಗೆ ಹೋಗಿದೆ. ಕೆಲಸ ನೀಟಾಗಿತ್ತು, ಅಂಚುಗಳೂ ನೇರವಾಗಿದ್ದವು, ಜಾಗ ಮಾತ್ರ ತಪ್ಪು. ಅದಕ್ಕೇ ಬರಿಗಣ್ಣಿಗೆ ಯಾರಿಗೂ ಗೊತ್ತಾಗಲಿಲ್ಲ.

ಗುರುತು ಹಾಕಿದ ಚಿತ್ರವನ್ನು ಎಡಗಡೆ ಬಿಲ್ಡರ್‌ಗೆ ಕಳಿಸಿದೆ. ಮೊದಲು ಒಪ್ಪಲಿಲ್ಲ. "ಫೋಟೋದಲ್ಲಿ ಅಳತೆ ತೆಗೆಯೋಕೆ ಆಗುತ್ತಾ ಸಾರ್?" ಅಂದರು. ಕೇಳಿದ್ದು ನ್ಯಾಯವೇ. ಮೇಲಿನ ಕಿಟಕಿಯ ಎಡ ಅಂಚಿನಿಂದ ತೂಗುಗುಂಡು ಇಳಿಬಿಟ್ಟು, ಕೆಳಗಿನ ಕಿಟಕಿಯ ಅಂಚಿಗೆ ಎಷ್ಟು ದೂರ ಬರುತ್ತದೆ ಅಂತ ಟೇಪ್ ಹಿಡಿದು ಹೇಳಿ ಅಂದೆ. ಆ ಸಂಜೆ ಫೋಟೋ ಬಂತು. ದಾರ, ಟೇಪ್, ಟೇಪಿನ ಮೇಲೆ ಅವರದೇ ಬೆರಳು. 36 ಮಿ.ಮೀ. ಆಮೇಲೆ ವಾದವಿರಲಿಲ್ಲ.

ಗಾರೆಯಲ್ಲಿ ಸರಿಮಾಡುತ್ತೇವೆ ಅಂದರು. ಅದಕ್ಕೆ ನಾನು ಒಪ್ಪಲಿಲ್ಲ. ಕಿಟಕಿ ಬಲಕ್ಕೆ ಬರಬೇಕೆಂದರೆ ಎಡ ಅಂಚಿಗೆ ಮಾಮೂಲಿ ಗಾರೆಯ ಜೊತೆಗೆ ಇನ್ನೂ 35 ಮಿ.ಮೀ.ನಷ್ಟು ಬಳಿಯಬೇಕು. ಅಷ್ಟು ದಪ್ಪ ಒಂದೇ ಸಲ ನಿಲ್ಲುವುದಿಲ್ಲ, ಪದರ ಪದರವಾಗಿ ಹಾಕಿದರೂ ಅಂಚಿನಲ್ಲಿ ಬಿರುಕು ಬಿಟ್ಟು ಕಳಚುವ ಸಂಭವ ಜಾಸ್ತಿ, ಅದರ ಮೇಲೆ ಕಿಟಕಿ ಚೌಕಟ್ಟಿನ ಸ್ಕ್ರೂ ಬೇರೆ ಹಿಡಿಯಬೇಕು. ಬಲ ಅಂಚನ್ನು ಕತ್ತರಿಸದಿದ್ದರೆ ಕಿಟಕಿ ಕಿರಿದೂ ಆಗುತ್ತದೆ. ಬಲಗಡೆ ಕತ್ತರಿಸುವ ಮೊದಲು ಕೇಳಬೇಕಾದ ಪ್ರಶ್ನೆ ಒಂದಿತ್ತು: ಮೇಲಿನ ಲಿಂಟಲ್ ಬರೀ ಕಿಟಕಿಗಷ್ಟೇ ಹಾಕಿದ್ದೋ, ಗೋಡೆಯುದ್ದಕ್ಕೂ ಹೋಗಿದೆಯೋ? ಬರೀ ಕಿಟಕಿಗಾದರೆ ಅದು ಗೋಡೆಯ ಮೇಲೆ ಕೂತಿರುವುದು ಪಕ್ಕಕ್ಕೆ 150 ಮಿ.ಮೀ. ಮಾತ್ರ, ಅದರಲ್ಲಿ 35 ಕಡಿದರೆ ಆಸರೆ ಕಮ್ಮಿ. ಅದೃಷ್ಟಕ್ಕೆ ನಮ್ಮ ಪ್ಲಾನ್‌ನಲ್ಲಿ ಲಿಂಟಲ್ ಕಾಲಮ್ಮಿನಿಂದ ಕಾಲಮ್ಮಿಗೆ ಪೂರ್ತಿ ಪಟ್ಟಿ. ಹಾಗೆ ಹಾಕಿದ್ದೂ ಹಳೆ ಫೋಟೋದಲ್ಲಿ ಕಾಣುತ್ತಿತ್ತು. ಬಲ ಅಂಚನ್ನು ಮೆಷಿನ್ನಿನಲ್ಲಿ ಕತ್ತರಿಸಿದರು. ಎಡಕ್ಕೆ ಬ್ಲಾಕಿನಲ್ಲಿ ಕಂಬಿ ಚುಚ್ಚಿ, ಹಲಗೆ ಕಟ್ಟಿ, ಸಣ್ಣ ಜಲ್ಲಿಯ ಕಾಂಕ್ರೀಟ್ ತುಂಬಿದರು. ಮತ್ತೆ ಅದೇ ಜಾಗದಿಂದ ಫೋಟೋ, ಅದೇ ಲೆಕ್ಕ. ಈ ಸಲ ವ್ಯತ್ಯಾಸ 6 ಮಿ.ಮೀ.

ಕಾಲಮ್ಮಿನ ನೇರವನ್ನು ಫೋಟೋದಲ್ಲಿ ನೋಡುವ ಪ್ರಯತ್ನವನ್ನೇ ಮಾಡಲಿಲ್ಲ. ಒಪ್ಪಂದದಲ್ಲಿ 3 ಮೀಟರಿಗೆ 6 ಮಿ.ಮೀ. ಓರೆ ಇರಬಹುದು ಅಂತಿತ್ತು. ನನ್ನ ಅಳತೆಯಲ್ಲಿ ಅದು 3 ಪಿಕ್ಸೆಲ್, ಅಂಚಿನ ಮಸುಕಿನಷ್ಟೇ. ಅಲ್ಲಿ ತೂಗುಗುಂಡಿಗೆ ಬದಲಿಲ್ಲ. ಕಾಲಮ್ಮಿನ ಮೇಲ್ತುದಿಯಲ್ಲಿ 100 ಮಿ.ಮೀ. ದೂರಕ್ಕೆ ದಾರ ಕಟ್ಟಿ, ಕೆಳಗೆ ದಾರಕ್ಕೂ ಕಾಲಮ್ಮಿಗೂ ನಡುವೆ ಟೇಪಿಟ್ಟು ಅದರ ಫೋಟೋ ಕಳಿಸಿ ಅಂದೆ. ಬಲಗಡೆ ಮನೆಯ ವಾಲಿದಂತೆ ಕಂಡಿದ್ದ ಕಾಲಮ್ಮಿಗೆ ಕೆಳಗೆ 103 ಬಂತು. ಮೇಸ್ತ್ರಿ ಫೋಟೋದ ಕೆಳಗೆ "ಕಾಲಂ ನೆಟ್ಟಗಿದೆ ಸಾರ್, ನನ್ನ ಕೈ ಸೊಟ್ಟ" ಅಂತ ಬರೆದಿದ್ದರು.

ಗಾರೆ ಶುರುವಾದ ಮೇಲೆ ಇನ್ನೊಂದು ಗಲಾಟೆ. ಬಲಗಡೆ ಮನೆಯ ಕಿಟಕಿ ಚಿಕ್ಕದಾಗಿದೆ, 30 ಮಿ.ಮೀ. ಕಮ್ಮಿ ಇದೆ ಅಂತ ಭಾವನ ತಮ್ಮ ಟೇಪ್ ಹಿಡಿದೇ ಹೇಳಿದರು. ಹೋಲಿಸಿದ್ದು ಅಕ್ಕನ ಮನೆಯ ಕಿಟಕಿಗೆ. ಅಲ್ಲಿ ಇನ್ನೂ ಗಾರೆ ಆಗಿರಲಿಲ್ಲ. ಪ್ಲಾನ್‌ನಲ್ಲಿ ಬರೆದ 1500 ಬರೀ ಬ್ಲಾಕಿನ ಅಳತೆ. ಎರಡೂ ಪಕ್ಕ 15 ಮಿ.ಮೀ. ಗಾರೆ ಬಂದರೆ 1470 ಆಗಲೇಬೇಕು. ಎರಡು ಮನೆಯ ಫೋಟೋ ಹೋಲಿಸುವಾಗ ಎರಡೂ ಒಂದೇ ಹಂತದಲ್ಲಿವೆಯಾ ಅಂತ ಮೊದಲು ನೋಡಬೇಕು, ಇಲ್ಲದಿದ್ದರೆ ಇಲ್ಲದ ತಪ್ಪು ಹುಟ್ಟಿಕೊಳ್ಳುತ್ತದೆ.

ಫಿನಿಶಿಂಗ್ ವಿಷಯದಲ್ಲಿ ಬೆಳಕೇ ದೊಡ್ಡ ಸುಳ್ಳುಗಾರ. ಎಡಗಡೆ ಮನೆಯ ಗಾರೆಯ ಫೋಟೋಗಳು ಎದುರಿನ ಬೆಳಕಿನಲ್ಲಿ ತೆಗೆದವು, ಗೋಡೆ ನುಣ್ಣಗೆ ಕಾಗದದ ಹಾಗೆ ಕಾಣುತ್ತಿತ್ತು. ಬಲಗಡೆಯ ಮೇಸ್ತ್ರಿ ಸಂಜೆ ಬಿಸಿಲು ಗೋಡೆಯನ್ನು ಸವರಿಕೊಂಡು ಹೋಗುವಾಗ ತೆಗೆದಿದ್ದರು, ಗೋಡೆ ಪೂರ್ತಿ ಏರುತಗ್ಗು. ಇವೆರಡನ್ನು ಹೋಲಿಸುವುದರಲ್ಲಿ ಅರ್ಥವೇ ಇಲ್ಲ. ಇಬ್ಬರಿಗೂ ಒಂದೇ ಷರತ್ತು ಹಾಕಿದೆ. ಕತ್ತಲಾದ ಮೇಲೆ ಒಂದೇ ದೀಪವನ್ನು ಗೋಡೆಯ ತುದಿಗೆ ತಾಗಿಸಿ ಇಡಿ, ಬೆಳಕು ಗೋಡೆಯ ಉದ್ದಕ್ಕೂ ಹರಿಯಲಿ. ಫ್ಲ್ಯಾಶ್ ಬೇಡ.

ಇಂಥ ಬೆಳಕು ಎಲ್ಲವನ್ನೂ ದೊಡ್ಡದು ಮಾಡಿ ತೋರಿಸುತ್ತದೆ ಎಂಬುದೂ ನೆನಪಿರಬೇಕು. ಬೆಳಕು 20ಕ್ಕೆ 1ರಷ್ಟು ಇಳಿಜಾರಿನಲ್ಲಿ ಬಿದ್ದರೆ 2 ಮಿ.ಮೀ. ಉಬ್ಬಿಗೆ 40 ಮಿ.ಮೀ. ನೆರಳು. ನೆರಳು ನೋಡಿ ಗೋಡೆ ಕೆಟ್ಟಿದೆ ಅನ್ನಬಾರದು. ಎಲ್ಲಿ ನೋಡಬೇಕು ಅನ್ನುವುದನ್ನಷ್ಟೇ ನೆರಳು ಹೇಳುತ್ತದೆ. ಅಲ್ಲಿ 2 ಮೀಟರಿನ ಅಲ್ಯೂಮಿನಿಯಂ ಪಟ್ಟಿ ಒತ್ತಿ ಹಿಡಿದು ಸಂದಿ ಅಳೆಯಬೇಕು. ಒಪ್ಪಂದದಲ್ಲಿ 3 ಮಿ.ಮೀ. ಅಂತಿತ್ತು. ಬಲಗಡೆ ಮನೆಯಲ್ಲಿ ನೆರಳು ಜಾಸ್ತಿ, ಆದರೆ ಪಟ್ಟಿಯಡಿ ಸಂದಿ 3 ದಾಟಲಿಲ್ಲ. ಎಡಗಡೆ ಮನೆಯಲ್ಲಿ ಹಾಲಿನ ಗೋಡೆ ಚೆನ್ನಾಗಿತ್ತು, ಸ್ವಿಚ್ ಬೋರ್ಡಿನ ಪೆಟ್ಟಿಗೆಯ ಸುತ್ತ ಮಾತ್ರ 7 ಮಿ.ಮೀ. ತಗ್ಗು. ಪೈಪ್ ಕೂರಿಸಲು ಕೊರೆದ ಜಾಗವನ್ನು ಆಮೇಲೆ ಮುಚ್ಚಿದಾಗ ಆಗುವ ಮಾಮೂಲಿ ದೋಷ.

ಆದರೆ ಬಲಗಡೆ ಮನೆ ಸೋತದ್ದು ಇನ್ನೊಂದು ಕಡೆ. ಗಾರೆಗೆ ನೀರು ಹಾಕುವಾಗ ತೆಗೆದ ಫೋಟೋವೊಂದರಲ್ಲಿ, ಗೋಡೆ ಆರುತ್ತಾ ಬಂದಿದ್ದರೂ ಒಂದು ಕಪ್ಪು ಗೆರೆ ಉಳಿದಿತ್ತು. ಸಣ್ಣ ಬಿರುಕಿನಲ್ಲಿ ನೀರು ಸುತ್ತಲಿನ ಜಾಗಕ್ಕಿಂತ ನಿಧಾನವಾಗಿ ಆರುತ್ತದೆ. ಗೆರೆ ನೆಟ್ಟಗೆ ಮೇಲಿಂದ ಕೆಳಕ್ಕೆ. ಪ್ಲಾನ್ ಮೇಲಿಟ್ಟು ನೋಡಿದರೆ ಸರಿಯಾಗಿ ಕಾಲಂ ಮತ್ತು ಬ್ಲಾಕ್ ಸೇರುವ ಜಾಗ. ಕಾಂಕ್ರೀಟೂ ಬ್ಲಾಕೂ ಬಿಸಿಲಿಗೆ, ತೇವಕ್ಕೆ ಒಂದೇ ರೀತಿ ಹಿಗ್ಗಿ ಕುಗ್ಗುವುದಿಲ್ಲ. ಆ ಕೂಡುವ ಜಾಗದ ಮೇಲೆ ಗಾರೆಗೆ ಮೊದಲು ಕೋಳಿ ಜಾಲರಿ ಹೊಡೆಯಬೇಕು. ಹಳೆ ಫೋಟೋಗಳನ್ನು ತೆಗೆದು ನೋಡಿದೆ. ಎಡಗಡೆ ಮನೆಯಲ್ಲಿ ಗಾರೆಗೆ ಮುಂಚಿನ ಚಿತ್ರದಲ್ಲಿ ಪ್ರತಿ ಕಾಲಮ್ಮಿನ ಪಕ್ಕವೂ ಜಾಲರಿ ಹೊಳೆಯುತ್ತಿತ್ತು. ಬಲಗಡೆ ಮನೆಯಲ್ಲಿ ಹೊರಗಡೆ ಮಾತ್ರ ಇತ್ತು, ಒಳಗಡೆ ಇರಲಿಲ್ಲ. ಬಿರುಕು ಬಂದದ್ದೂ ಒಳಗಡೆಯೇ.

ಮೇಸ್ತ್ರಿ ಒಪ್ಪಿಕೊಂಡರು. ಜಾಲರಿ ಮುಗಿದಿತ್ತಂತೆ, ತರಿಸುವಷ್ಟರಲ್ಲಿ ಗಾರೆಯವರು ಶುರುಮಾಡಿಬಿಟ್ಟಿದ್ದರಂತೆ. ಬಿರುಕಿನ ಎರಡೂ ಪಕ್ಕ ಒಂದು ಗೇಣಿನಷ್ಟು ಗಾರೆ ಕೆತ್ತಿ, ಜಾಲರಿ ಹೊಡೆದು, ಮತ್ತೆ ಗಾರೆ ಮಾಡಬೇಕಾಯಿತು. ಕೆತ್ತಿದ ಕಡೆ ಜಾಲರಿ ಕೂತ ಫೋಟೋ ಬಂದಮೇಲೇ ಮುಚ್ಚಲು ಹೇಳಿದೆ. ಒಳಗಿನ ಉಳಿದ ಕಾಲಮ್ಮುಗಳ ಬಗ್ಗೆ ಚರ್ಚೆ ಆಯಿತು. ಬಿರುಕು ಕಾಣದ ಕಡೆಯೂ ಕೆತ್ತಬೇಕಾ? ಭಾವನ ತಮ್ಮ ಬೇಡ ಅಂದರು, ನಾನು ಬೇಕು ಅಂದೆ. ಕೊನೆಗೆ ಬಿಸಿಲು ಬೀಳುವ ಹೊರಗೋಡೆಗೆ ಸೇರಿದ ಕಾಲಮ್ಮುಗಳಲ್ಲಿ ಕೆತ್ತಿದರು, ನಡುವಿನ ಗೋಡೆಯವನ್ನು ಹಾಗೇ ಬಿಟ್ಟರು. ಪುಟ್ಟಿ ಹಾಕುವ ಮೊದಲು ಆ ಜಾಗಗಳನ್ನು ಇನ್ನೊಮ್ಮೆ ನೆನೆಸಿ, ಆರುವಾಗ ಫೋಟೋ ತೆಗೆದು ಕಳಿಸಲು ಮೇಸ್ತ್ರಿಗೆ ಹೇಳಿದ್ದೇನೆ.